ಎಫ್‌ಒಬಿ ದರದಲ್ಲಿ ಯಂತ್ರ ತರಿಸುವವರು ಸಾಗಣೆ ಬಿಲ್ಲನ್ನು ಮೊದಲೇ ಪಡೆಯಿರಿ
ತೀರ್ಥಹಳ್ಳಿ, ಸಾಗರದ ಕಡೆಯಿಂದ ಅಡಿಕೆ ಅಥವಾ ಕಾಳುಮೆಣಸು ವಿಂಗಡಿಸುವ ಯಂತ್ರವನ್ನು ಮೊದಲ ಬಾರಿಗೆ ವಿದೇಶದಿಂದ ತರಿಸುವವರು, ಆಮದು ಘೋಷಣೆಯಾದ ಬಿಲ್ ಆಫ್ ಎಂಟ್ರಿ ಸಲ್ಲಿಸುವ ಮೊದಲೇ ಹಡಗು ಸಾಗಣೆಯ ಬಿಲ್ಲು ಮತ್ತು ವಿಮಾ ಪತ್ರವನ್ನು ತಮ್ಮ ಕಸ್ಟಮ್ಸ್ ಬ್ರೋಕರ್ ಕೈಗೆ ಕೊಡಬೇಕು. ಸುಂಕವನ್ನು ಲೆಕ್ಕ ಹಾಕುವುದು ಮಾರಾಟಗಾರರ ಇನ್‌ವಾಯ್ಸ್‌ನ ಎಫ್‌ಒಬಿ ಬೆಲೆಯ, ಅಂದರೆ ಅಲ್ಲಿನ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆಯ ಮೇಲಲ್ಲ. ಅದಕ್ಕೆ ಸಾಗಣೆ, ವಿಮೆ ಸೇರಿದ ಮೌಲ್ಯದ ಮೇಲೆ. 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ 10ನೇ ನಿಯಮದಂತೆ, ಸಾಗಣೆ ವೆಚ್ಚ ತಿಳಿಯದಿದ್ದರೆ ಎಫ್‌ಒಬಿ ಬೆಲೆಯ ಶೇ. 20ರಷ್ಟನ್ನು, ವಿಮೆ ತಿಳಿಯದಿದ್ದರೆ ಶೇ. 1.125ರಷ್ಟನ್ನು ಸೇರಿಸುತ್ತಾರೆ. ಉದಾಹರಣೆಗೆ ಯಂತ್ರದ ಎಫ್‌ಒಬಿ ಬೆಲೆ 5 ಲಕ್ಷ ರೂಪಾಯಿಯಾಗಿದ್ದು ನಿಜವಾದ ಸಾಗಣೆ 40,000 ರೂಪಾಯಿ ಆಗಿದ್ದರೂ, ಬಿಲ್ಲು ಇಲ್ಲದಿದ್ದರೆ 1 ಲಕ್ಷ ಸೇರಿ, ಕೊಡದ 60,000 ರೂಪಾಯಿಗೂ ಸುಂಕ ತೆರಬೇಕಾಗುತ್ತದೆ. ಆದರೆ ಭಾರದ ಯಂತ್ರದ ಸಮುದ್ರ ಸಾಗಣೆ ಶೇ. 20ನ್ನು ಮೀರಿದರೆ ಈ ಉಪಾಯದಿಂದ ಲಾಭವಿಲ್ಲ, ಏಕೆಂದರೆ ನಿಜವಾದ ವೆಚ್ಚವನ್ನೇ ಘೋಷಿಸಬೇಕು, ಶೇ. 20ರ ಮಿತಿ ಇರುವುದು ವಿಮಾನ ಸಾಗಣೆಗೆ ಮಾತ್ರ. ಕೈಯಲ್ಲಿ ಬಿಲ್ಲಿದ್ದೂ ಅದನ್ನು ಬಿಟ್ಟು ಬರಿಯ ಇನ್‌ವಾಯ್ಸ್ ಮೊತ್ತವನ್ನು ದಯವಿಟ್ಟು ಘೋಷಿಸಬೇಡಿ: ಅದು ಮೌಲ್ಯ ಮರೆಮಾಚಿದಂತಾಗಿ, ಬಾಕಿ ಸುಂಕ, ಬಡ್ಡಿಯ ಜೊತೆಗೆ ದಂಡವೂ ಬೀಳಬಹುದು. ಕಾರ್ಖಾನೆ ಬಾಗಿಲಿನ ದರವಾದ ಎಕ್ಸ್‌ವರ್ಕ್ಸ್‌ನಲ್ಲಿ ಕೊಂಡಿದ್ದರೆ, ಅಲ್ಲಿನ ಬಂದರಿನವರೆಗಿನ ಲಾರಿ ಬಾಡಿಗೆಯೂ ಮೌಲ್ಯಕ್ಕೆ ಸೇರುತ್ತದೆ.