ಪಾಳಿ ಮುಂದಕ್ಕೆ ತಿರುಗಿಸಿದ ಮೇಲೆ: ಪ್ಯಾನ್ ಹೌಸ್‌ನಲ್ಲಿ ನನ್ನ ಅನುಭವ

ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಪ್ಯಾನ್‌ಮ್ಯಾನ್, ಅಂದರೆ ಕಬ್ಬಿನ ರಸ ಕುದಿಸಿ ಸಕ್ಕರೆ ಕಾಳು ಕಟ್ಟಿಸುವ ದೊಡ್ಡ ಪ್ಯಾನ್‌ಗಳನ್ನು ನೋಡಿಕೊಳ್ಳುವವನು. ಹಂಗಾಮು ಶುರುವಾದರೆ ಕಬ್ಬು ನುರಿಸುವುದು ಹಗಲು ರಾತ್ರಿ ನಡೆಯುತ್ತದೆ. ನಮ್ಮಲ್ಲಿ ಪಾಳಿ ಮೂರು. ಬೆಳಗಿನ 4 ರಿಂದ 12, ಮಧ್ಯಾಹ್ನ 12 ರಿಂದ 8, ರಾತ್ರಿ 8 ರಿಂದ 4. ನಾಲ್ಕರದು, ಹನ್ನೆರಡರದು, ಎಂಟರದು ಅಂತಲೇ ಕರೆಯುತ್ತೇವೆ. ವಾರಕ್ಕೊಮ್ಮೆ ಬದಲಾಗುತ್ತದೆ.

ಮೊದಲು ನಮ್ಮ ಪಾಳಿ ಹಿಂದಕ್ಕೆ ತಿರುಗುತ್ತಿತ್ತು. ಅಂದರೆ ಒಂದು ವಾರ ಎಂಟರದು, ಮುಂದಿನ ವಾರ ಹನ್ನೆರಡರದು, ಅದರ ಮುಂದಿನ ವಾರ ನಾಲ್ಕರದು. ಪಾಳಿ ಬದಲಾಗುವುದು ಸೋಮವಾರ. ಈಗ ಲೆಕ್ಕ ನೋಡಿ. ಎಂಟರ ಪಾಳಿಯವನು ಸೋಮವಾರ ಬೆಳಗಿನ ನಾಲ್ಕಕ್ಕೆ ಬಿಡುತ್ತಾನೆ, ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಮತ್ತೆ ಗೇಟಿನೊಳಗೆ ಇರಬೇಕು. ನಡುವೆ ಎಂಟು ತಾಸು. ಹನ್ನೆರಡರ ಪಾಳಿಯವನು ರವಿವಾರ ರಾತ್ರಿ ಎಂಟಕ್ಕೆ ಬಿಟ್ಟು ಸೋಮವಾರ ಬೆಳಗಿನ ನಾಲ್ಕಕ್ಕೆ ಬರಬೇಕು. ಅವನಿಗೂ ಎಂಟೇ ತಾಸು. ಮನೆಗೆ ಹೋಗಿ ಬರುವುದು, ಸ್ನಾನ, ಊಟ ಕಳೆದರೆ ನಿದ್ದೆಗೆ ನಾಲ್ಕು ತಾಸು ಉಳಿದರೆ ಪುಣ್ಯ.

ಆದರೂ ಈ ಪದ್ಧತಿ ಯಾಕೆ ಉಳಿದಿತ್ತು ಅಂದರೆ, ಇದರಲ್ಲಿ ಯಾವ ಪಾಳಿಯೂ ಖಾಲಿ ಬೀಳುವುದಿಲ್ಲ. ಮುಂದಕ್ಕೆ, ಅಂದರೆ ನಾಲ್ಕರದು, ಹನ್ನೆರಡರದು, ಎಂಟರದು ಅನ್ನುವ ಕ್ರಮದಲ್ಲಿ ತಿರುಗಿಸಿದರೆ ಪ್ರತಿಯೊಬ್ಬನಿಗೂ ಬದಲಾವಣೆಯ ದಿನ ಇಪ್ಪತ್ನಾಲ್ಕು ತಾಸು ಬಿಡುವು ಸಿಗುತ್ತದೆ, ನಿಜ. ಆದರೆ ಸೋಮವಾರದ 4 ರಿಂದ 12ರ ಪಾಳಿಗೆ ಆಳೇ ಇರುವುದಿಲ್ಲ. ಆ ಎಂಟು ತಾಸನ್ನು ರಿಲೀವರ್ ತುಂಬಬೇಕು. ರಿಲೀವರ್ ಇಲ್ಲದಿದ್ದರೆ ಎಂಟರ ಪಾಳಿಯವನು ನಾಲ್ಕು ತಾಸು ಜಾಸ್ತಿ ನಿಲ್ಲಬೇಕು, ಹನ್ನೆರಡರವನು ನಾಲ್ಕು ತಾಸು ಮುಂಚೆ ಬರಬೇಕು. ಓವರ್‌ಟೈಮ್ ದುಪ್ಪಟ್ಟು ಕೊಡಬೇಕಾಗುತ್ತದೆ. ಮುಂದಕ್ಕೆ ತಿರುಗಿಸೋಣ ಅಂದಾಗ ಚೀಫ್ ಕೆಮಿಸ್ಟ್ ಸಾಹೇಬರು ಮೊದಲು ಕೇಳಿದ್ದೇ ಅದನ್ನು: "ಸೋಮವಾರ ಮುಂಜಾನಿ ಪ್ಯಾನ್ ಯಾರ್ ನೋಡ್ತಾರ?" ನ್ಯಾಯವಾದ ಪ್ರಶ್ನೆ. ರಿಲೀವರ್‌ನ ವಾರದ ರಜೆಯನ್ನು ಬೇರೆ ದಿನಕ್ಕೆ ಹಾಕಿಸಿಕೊಂಡು ಸೋಮವಾರ ಬೆಳಿಗ್ಗೆ ಅವನನ್ನು ಕೂರಿಸಿದ ಮೇಲೆಯೇ ಅವರು ಒಪ್ಪಿದ್ದು.

ನಿದ್ದೆಗೆಟ್ಟರೆ ಪ್ಯಾನ್‌ನಲ್ಲಿ ಏನಾಗುತ್ತದೆ ಅಂತ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ವ್ಯಾಕ್ಯೂಮ್‌ನಲ್ಲಿ ರಸ ಕುದಿಯುತ್ತಿರುತ್ತದೆ. ನಾವು ಆಗಾಗ ಸ್ಯಾಂಪಲ್ ತೆಗೆದು ಗಾಜಿನ ಚೂರಿನ ಮೇಲೆ ಹಚ್ಚಿ, ಬಲ್ಬಿಗೆ ಅಡ್ಡ ಹಿಡಿದು ಕಾಳು ನೋಡುತ್ತೇವೆ. ಕಾಳು ಒಂದೇ ಸಮ ಬೆಳೆಯಬೇಕು. ರಸ ಹೆಚ್ಚು ಬಿಗಿಯಾದರೆ ನಡುವೆ ಹೊಸದಾಗಿ ಪುಡಿಕಾಳು ಹುಟ್ಟುತ್ತದೆ. ಅದಕ್ಕೆ ಫಾಲ್ಸ್ ಗ್ರೇನ್ ಅನ್ನುತ್ತೇವೆ. ಅದು ಜಾಸ್ತಿಯಾದರೆ ಮುಂದೆ ಸೆಂಟ್ರಿಫ್ಯೂಗಲ್‌ನಲ್ಲಿ ಕಾಕಂಬಿ ಸರಿಯಾಗಿ ಬಸಿದು ಹೋಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಈ ಪುಡಿ ಒಂದೇ ನೋಟಕ್ಕೆ ಕಾಣುತ್ತದೆ. ಮೂರೂವರೆಗೆ ಅದೇ ಗಾಜು ಕೈಯಲ್ಲಿರುತ್ತದೆ, ಕಣ್ಣು ತೆರೆದೇ ಇರುತ್ತದೆ, ನೋಡಿದ್ದು ಮಾತ್ರ ತಲೆಗೆ ಹೋಗುವುದಿಲ್ಲ.

ಆ ಹೊತ್ತಿಗೇ ಯಾಕೆ ಹಾಗೆ? ಮೆದುಳಿನ ಬುಡದಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ, ದೇಹದ ಮುಖ್ಯ ಗಡಿಯಾರವಿದೆ. ಅದು ತನ್ನಷ್ಟಕ್ಕೆ ಓಡಿದರೆ ಹೆಚ್ಚಿನವರಲ್ಲಿ ದಿನಕ್ಕೆ 24 ತಾಸಿಗಿಂತ ಸ್ವಲ್ಪ ಜಾಸ್ತಿ ತೆಗೆದುಕೊಳ್ಳುತ್ತದೆ. ಬೆಳಕು ಕಣ್ಣಿನ ಮೂಲಕ ಹೋಗಿ ಅದನ್ನು ದಿನವೂ ಸರಿಪಡಿಸುತ್ತದೆ. ಈ ಗಡಿಯಾರವೇ ಮೈಯ ಬಿಸಿಯನ್ನೂ ಏರಿಸಿ ಇಳಿಸುತ್ತದೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವವರಲ್ಲಿ ಬಿಸಿ ಎಲ್ಲಕ್ಕಿಂತ ಕೆಳಗೆ ಇಳಿಯುವುದು ಬೆಳಗಿನ ನಾಲ್ಕು, ಐದರ ಸುಮಾರಿಗೆ. ಎಚ್ಚರವೂ ಮನಸ್ಸಿನ ಹುರುಪೂ ತೀರಾ ತಗ್ಗುವುದು ಆಗಲೇ. ಇದಕ್ಕೆ ನಾನು ತಗ್ಗು ಅಂತ ಹೆಸರಿಟ್ಟುಕೊಂಡಿದ್ದೇನೆ. ನಮ್ಮ ಪಾಳಿ ಬದಲಾಗುವ ನಾಲ್ಕು ಗಂಟೆ ಸರಿಯಾಗಿ ಈ ತಗ್ಗಿನಲ್ಲೇ ಬಂದು ಕೂತಿದೆ. ಒಬ್ಬ ತೂಕಡಿಸುತ್ತ ಹೋಗುವವನು, ಇನ್ನೊಬ್ಬ ತೂಕಡಿಸುತ್ತ ಬರುವವನು, ಇಬ್ಬರೂ ನಿಂತು ಚಾರ್ಜ್ ಕೊಟ್ಟು ತೆಗೆದುಕೊಳ್ಳಬೇಕು.

ನನ್ನ ತಗ್ಗು ಎಲ್ಲಿದೆ ಅಂತ ತಿಳಿಯಲು ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಜೇಬಿನಲ್ಲಿಟ್ಟುಕೊಂಡಿದ್ದೆ. ಪ್ಯಾನ್ ಹತ್ತಿರದ ಸೆಕೆಯಲ್ಲಿ ನೋಡಿದರೆ ಸುಳ್ಳು ಹೇಳುತ್ತದೆ, ಚಹಾ ಕುಡಿದ ಕೂಡಲೇ ನೋಡಿದರೂ ಅಷ್ಟೇ. ಲ್ಯಾಬ್‌ನಲ್ಲಿ ಇಪ್ಪತ್ತು ನಿಮಿಷ ಸುಮ್ನೆ ಕೂತು ಆಮೇಲೆ ನಾಲಿಗೆ ಕೆಳಗಿಡಬೇಕು. ಸಂಜೆ 98.6 ತೋರಿಸಿದ್ದು ಬೆಳಗಿನ ನಾಲ್ಕಕ್ಕೆ 97ರ ಆಸುಪಾಸಿಗೆ ಇಳಿದಿರುತ್ತಿತ್ತು. ಓಡಾಡಿದರೂ ಬಿಸಿ ಏರುತ್ತದೆ, ಹಾಗಾಗಿ ಇದು ಅಂದಾಜು ಮಾತ್ರ. ಇದಕ್ಕಿಂತ ಸುಲಭದ ಲೆಕ್ಕವೂ ಇದೆ. ಅಲಾರಂ ಇಲ್ಲದೆ ತಾನಾಗಿ ಎಚ್ಚರವಾಗುವ ಹೊತ್ತಿನಿಂದ ಎರಡು, ಮೂರು ತಾಸು ಹಿಂದಕ್ಕೆ ಎಣಿಸಿದರೆ ತಗ್ಗು ಸಿಗುತ್ತದೆ.

ತಗ್ಗು ಗೊತ್ತಾದರೆ ಬೆಳಕನ್ನು ಹೇಗೆ ಬಳಸಬೇಕು ಅನ್ನುವುದೂ ಗೊತ್ತಾಗುತ್ತದೆ. ತಗ್ಗಿಗೆ ಮುಂಚಿನ ತಾಸುಗಳಲ್ಲಿ ಜೋರು ಬೆಳಕು ಬಿದ್ದರೆ ಗಡಿಯಾರ ತಡವಾಗುತ್ತದೆ, ಅಂದರೆ ಮರುದಿನ ನಿದ್ದೆಯೂ ಎಚ್ಚರವೂ ತಡ. ತಗ್ಗು ದಾಟಿದ ಮೇಲೆ ಬಿದ್ದರೆ ಗಡಿಯಾರ ಬೇಗನಾಗುತ್ತದೆ. ತಡ ಮಾಡುವುದು ಹೆಚ್ಚಿನವರಿಗೆ ಸುಲಭ, ಬೇಗ ಮಾಡುವುದು ಕಷ್ಟ. ಎಲ್ಲ ಸರಿಯಾಗಿ ನಡೆದರೂ ದಿನಕ್ಕೆ ಸುಮಾರು ಒಂದು ತಾಸು ಸರಿಯುತ್ತದೆ, ಅಷ್ಟೇ.

ಈಗ ಎಂಟರ ಪಾಳಿಯ ವಾರ ಹೀಗೆ ಕಳೆಯುತ್ತೇನೆ. ಸಂಜೆ ಏಳಕ್ಕೆ ಮನೆಯಲ್ಲೇ ರೊಟ್ಟಿ ಊಟ. ರಾತ್ರಿ ಮೂರರವರೆಗೆ ಗಾಜು ನೋಡುವ ದೊಡ್ಡ ದೀಪದ ಹತ್ತಿರವೇ ಇರುತ್ತೇನೆ. ಚಹಾ ಹನ್ನೆರಡೂವರೆಗೆ ಕೊನೆ. ಕ್ಯಾಂಟೀನಿನ ಹುಡುಗ ಮೂರಕ್ಕೆ ಕೆಟಲ್ ಹಿಡಿದು ಬಂದರೆ ಬೇಡ ಅನ್ನುತ್ತೇನೆ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು, ನಾನು ಮಲಗುವುದು ಐದಕ್ಕೆ. ನಾಲ್ಕೂವರೆಗೆ ಮನೆ ಮುಟ್ಟುವಾಗ ಇನ್ನೂ ಕತ್ತಲು. ಹಂಗಾಮಿನ ಚಳಿಯಲ್ಲಿ ನಮ್ಮಲ್ಲಿ ಹೊತ್ತು ಹುಟ್ಟುವುದು ಏಳರ ಹತ್ತಿರ. ಇದು ನಮ್ಮ ಪಾಳಿಯ ದೊಡ್ಡ ಲಾಭ. ಏಳಕ್ಕೆ ಬಿಡುವ ಕಾರ್ಖಾನೆಯವರಿಗೆ ದಾರಿಯಲ್ಲೇ ಬಿಸಿಲು ಸಿಗುತ್ತದೆ. ಕಿಟಕಿಗೆ ಹಳೇ ಕೌದಿಯನ್ನು ಎರಡು ಪದರ ಮಾಡಿ ಮೊಳೆ ಹೊಡೆದಿದ್ದೇನೆ. ಕಬ್ಬಿನ ಟ್ರ್ಯಾಕ್ಟರ್‌ಗಳು ಹಾಡು ಹಚ್ಚಿಕೊಂಡು ಹೋಗುತ್ತವೆ, ಅದಕ್ಕೆ ಕಿವಿಯಲ್ಲಿ ಇಯರ್‌ಪ್ಲಗ್. ಬಾಗಿಲಿಗೆ ಬಂದವರಿಗೆ ನನ್ನ ಹೆಂಡತಿಯದು ಒಂದೇ ಉತ್ತರ: "ಮಲಕೊಂಡಾರ್ರಿ, ಹನ್ನೆರಡರ ಮ್ಯಾಲ ಬರ್ರಿ."

ಗಡಿಯಾರ ಸರಿಯುತ್ತಿದೆ ಅಂತ ಗೊತ್ತಾಗುವುದು ತೂಕಡಿಕೆಯಿಂದ. ಸೋಮವಾರ ರಾತ್ರಿ ಅದು ಮೂರೂವರೆಗೇ ಬಂದು ಎಳೆಯುತ್ತದೆ. ಗುರುವಾರ, ಶುಕ್ರವಾರದ ಹೊತ್ತಿಗೆ ಮೂರೂವರೆಗೆ ಕಣ್ಣು ಚುರುಕಾಗಿರುತ್ತದೆ, ಹಾಸಿಗೆಗೆ ಬಿದ್ದ ಮೇಲೆ ನಿದ್ದೆ ಕವಿಯುತ್ತದೆ. ಹಾಗೆ ಆಗದೆ ವಾರವಿಡೀ ಅದೇ ಹೊತ್ತಿಗೆ ಎಳೆಯುತ್ತಿದ್ದರೆ ಎಲ್ಲೋ ಬೆಳಕು ಒಳಗೆ ಬರುತ್ತಿದೆ, ಇಲ್ಲವೇ ಎಂಟು, ಒಂಬತ್ತಕ್ಕೆ ಎದ್ದು ಅಂಗಳಕ್ಕೆ ಹೋಗುತ್ತಿದ್ದೇವೆ ಅಂತಲೇ ಅರ್ಥ.

ಹಾಗಂತ ಮುಂದಕ್ಕೆ ತಿರುಗಿಸಿದರೆ ಎಲ್ಲ ಸಲೀಸು ಅಂತ ತಿಳಿಯಬೇಡಿ. ನಾಲ್ಕರದರಿಂದ ಹನ್ನೆರಡರದಕ್ಕೆ, ಹನ್ನೆರಡರದರಿಂದ ಎಂಟರದಕ್ಕೆ ಹೋಗುವುದು ಹಗುರ, ಎರಡೂ ತಡ ಮಾಡುವ ದಿಕ್ಕು. ಕಷ್ಟವೆಲ್ಲ ಒಂದೇ ಕಡೆ ಬಂದು ಗುಡ್ಡೆ ಬೀಳುತ್ತದೆ: ಎಂಟರದರಿಂದ ನಾಲ್ಕರದಕ್ಕೆ. ಬೆಳಗಿನ ಐದಕ್ಕೆ ಮಲಗುತ್ತಿದ್ದವನು ಅದೇ ದಿನ ರಾತ್ರಿ ಎಂಟಕ್ಕೆ ಮತ್ತೆ ಮಲಗಬೇಕು. ಒಂಬತ್ತು ತಾಸು ಬೇಗ. ಅಮೆರಿಕದ ಪೂರ್ವ ಕರಾವಳಿಯಿಂದ ಊರಿಗೆ ಬರುವವರ ಗಡಿಯಾರಕ್ಕೆ ಆಗುವ ಪೆಟ್ಟೂ ಹೆಚ್ಚುಕಡಿಮೆ ಇಷ್ಟೇ. ಅವರು ವಾರಗಟ್ಟಲೆ ನಡುರಾತ್ರಿ ಎದ್ದು ಕೂರುವುದನ್ನು ನೋಡಿರುತ್ತೀರಿ, ಅಲ್ವಾ?

ಆ ಸೋಮವಾರ ನಾನು ಬೆಳಗಿನ ಐದಕ್ಕೆ ಮಲಗಿ ಒಂಬತ್ತೂವರೆಗೆ ಅಲಾರಂ ಇಟ್ಟು ಏಳುತ್ತೇನೆ. ವಾರದ ಕೊನೆಗೆ ನನಗೆ ತಾನಾಗಿ ಎಚ್ಚರವಾಗುವುದು ಹನ್ನೆರಡಕ್ಕೆ, ಅಂದರೆ ತಗ್ಗು ಒಂಬತ್ತರ ಸುಮಾರಿಗೆ ಬಂದಿರುತ್ತದೆ. ಬೆಳಗಿನ ಎಳೆ ಬಿಸಿಲು ಒಳ್ಳೇದು ಅಂತ ಎಲ್ಲರೂ ಹೇಳುತ್ತಾರೆ. ಅವತ್ತು ಮಾತ್ರ ಅದು ತಿರುಗಾಮುರುಗಾ. ಏಳಕ್ಕೆ ಎದ್ದು ಬಿಸಿಲಿಗೆ ನಿಂತರೆ ಅದು ತಗ್ಗಿಗಿಂತ ಮುಂಚಿನ ಬೆಳಕಾಗುತ್ತದೆ, ಗಡಿಯಾರ ಇನ್ನಷ್ಟು ತಡವಾಗುತ್ತದೆ. ಅದಕ್ಕೇ ಹತ್ತರ ಮೇಲೆ ಮಾಳಿಗೆ ಹತ್ತಿ ಕೂರುತ್ತೇನೆ. ಮಧ್ಯಾಹ್ನ ಮಲಗುವುದಿಲ್ಲ. ಬೈಕ್ ಮುಟ್ಟುವುದಿಲ್ಲ. ಸಂಜೆ ದೀಪ ಸಣ್ಣದು, ಎಂಟಕ್ಕೆ ಹಾಸಿಗೆ. ಆಗ ನಿದ್ದೆ ಬರುವುದು ಗಡಿಯಾರ ಸರಿಹೋಗಿದ್ದಕ್ಕಲ್ಲ, ಹಗಲೆಲ್ಲ ನಿದ್ದೆ ಬಾಕಿ ಉಳಿದಿದ್ದಕ್ಕೆ.

ಮಂಗಳವಾರದ ನಾಲ್ಕರ ಪಾಳಿ ಹಾಗಾಗಿ ಈಗಲೂ ಕೆಟ್ಟದ್ದೇ. ಬೆಳಿಗ್ಗೆ ಎಂಟರವರೆಗೆ ಹೊಸ ಕಾಳು ಕಟ್ಟುವ ಕೆಲಸವನ್ನು ಜೊತೆಗಾರ ಮಾಡುತ್ತಾನೆ, ನಾನು ಆಗಲೇ ಕಟ್ಟಿದ ಪ್ಯಾನ್ ನೋಡುತ್ತೇನೆ. ಸಾಧ್ಯವಾದ ವಾರ ನನ್ನ ರಜೆಯನ್ನೇ ಮಂಗಳವಾರಕ್ಕೆ ಹಾಕಿಸಿಕೊಂಡು ಬುಧವಾರ ಬರುತ್ತೇನೆ. ನಾಲ್ಕರ ವಾರದಲ್ಲಿ ದಿನಾ ಎಂಟಕ್ಕೆ ಮಲಗುವ ಹಟವನ್ನೂ ಬಿಟ್ಟಿದ್ದೇನೆ. ರೂಢಿಯ ನಿದ್ದೆಗೆ ಮುಂಚಿನ ಎರಡು, ಮೂರು ತಾಸು ಗಡಿಯಾರ ಮೈಯನ್ನು ಜೋರಾಗಿ ಎಚ್ಚರ ಇಡುತ್ತದೆ, ಆಗ ಹೊರಳಾಡುವುದೇ ಆಗುತ್ತದೆ. ಅದರ ಬದಲು ಮಧ್ಯಾಹ್ನ ಒಂದೂವರೆಗೆ ಒಂದೂವರೆ ತಾಸು ಮಲಗಿ, ರಾತ್ರಿ ಒಂಬತ್ತೂವರೆಗೆ ಮತ್ತೆ ಮಲಗುತ್ತೇನೆ.

ಮನಸ್ಸಿನ ಮಾತು ಹೇಳುವುದಾದರೆ, ಹಿಂದಕ್ಕೆ ತಿರುಗುತ್ತಿದ್ದಾಗ ಬುಧವಾರ, ಗುರುವಾರದ ಹೊತ್ತಿಗೆ ಮಕ್ಕಳು ಪುಸ್ತಕ ಬೀಳಿಸಿದ ಸಪ್ಪಳಕ್ಕೂ ಸಿಟ್ಟು ನೆತ್ತಿಗೇರುತ್ತಿತ್ತು. ಮಾತು ಬೇಡ, ಮಂದಿ ಬೇಡ. ಈಗ ಆ ಸಿಟ್ಟು ಮಂಗಳವಾರಕ್ಕೆ ಸೀಮಿತವಾಗಿದೆ. ಮನೆಯಲ್ಲಿ ಎಲ್ಲರಿಗೂ ಗೊತ್ತು, ಅವತ್ತು ಲೆಕ್ಕಪತ್ರದ ಮಾತು ಎತ್ತುವುದಿಲ್ಲ. ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಿದರೆ ಹೋಗುವ ಬೇಸರ ಗಡಿಯಾರದ್ದು. ಹಂಗಾಮು ಮುಗಿದು ರಾತ್ರಿ ನಿದ್ದೆ ಸಿಗುತ್ತಿದ್ದರೂ ಎರಡು ವಾರ ದಾಟಿ ಉಳಿದರೆ ಡಾಕ್ಟರಿಗೆ ತೋರಿಸಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು, ಫಿಟ್ಸ್ ಇರುವವರು ನನ್ನ ಹಾಗೆ ಬೇಕೆಂದೇ ನಿದ್ದೆ ಕಡಿಮೆ ಮಾಡಲು ಹೋಗಬಾರದು. ಇಂಥವರಿಗೆ ರಾತ್ರಿ ಪಾಳಿ ಬಿಡಿಸಿಕೊಡಿ ಅಂತ ಡಾಕ್ಟರ ಚೀಟಿ ಸಮೇತ ಕೇಳುವುದೇ ಸರಿ.

ಒಟ್ಟಿಗೆ ಪಾಳಿ ತಿರುಗುವ ನಮ್ಮ ಮೂವರಲ್ಲಿ ಹಿರಿಯರೊಬ್ಬರಿಗೆ ಹೊಸ ಪದ್ಧತಿ ಹಿಡಿಸಿಲ್ಲ. ಹಳೆಯದರಲ್ಲಿ ನಾಲ್ಕರದು ಮುಗಿಸಿ ಎಂಟರದಕ್ಕೆ ಹೋಗುವಾಗ ರವಿವಾರ ಮಧ್ಯಾಹ್ನ ಹನ್ನೆರಡರಿಂದ ಸೋಮವಾರ ರಾತ್ರಿ ಎಂಟರವರೆಗೆ ಮೂವತ್ತೆರಡು ತಾಸು ಒಟ್ಟಿಗೆ ಸಿಗುತ್ತಿತ್ತು, ಹೊಲಕ್ಕೆ ನೀರು ಹಾಯಿಸಿ ಬರುತ್ತಿದ್ದರು. "ನಿದ್ದಿ ಏನ್ ತಮ್ಮಾ, ಹೊಲಾ ನೋಡೋರ್ ಯಾರು?" ಅನ್ನುತ್ತಾರೆ. ಮೂವರಲ್ಲಿ ಒಬ್ಬರಿಗಷ್ಟೇ ಬೇರೆ ದಿಕ್ಕಿನಲ್ಲಿ ಪಾಳಿ ತಿರುಗಿಸಲು ಆಗುವುದಿಲ್ಲ. ಹಾಗಾಗಿ ಅವರ ವಾರದ ರಜೆಯನ್ನು ಅವರ ಹೊಲಕ್ಕೆ ಹಗಲು ಕರೆಂಟ್ ಇರುವ ದಿನಕ್ಕೆ ಹಾಕಿಸಿದ್ದೇವೆ.