ಟವರ್ ಕ್ರೇನ್ ತಪಾಸಣಾ ಪತ್ರ: ‘ಸುಸ್ಥಿತಿಯಲ್ಲಿದೆ’ ಎಂದಷ್ಟೇ ಬರೆದರೆ ಸಾಲದು

‘ಕ್ರೇನನ್ನು ಪರಿಶೀಲಿಸಲಾಗಿದೆ, ಸುಸ್ಥಿತಿಯಲ್ಲಿದೆ.’ ಎಷ್ಟೋ ತಪಾಸಣಾ ಪತ್ರಗಳಲ್ಲಿ ಇರುವುದು ಇಷ್ಟೇ, ಕೆಳಗೊಂದು ಸಹಿ, ಮೊಹರು. ಓದಿದವರಿಗೆ ಏನು ಗೊತ್ತಾಯಿತು? ತಪಾಸಕರು ಕ್ರೇನಿನ ಚಾಚಿದ ತೋಳಾದ ಜಿಬ್ಬಿನ ತುದಿಯವರೆಗೆ ಹೋದರೇ, ಇಲ್ಲ ಕೆಳಗೇ ನಿಂತು ನೋಡಿದರೇ? ವೈರ್ ರೋಪನ್ನು ಅಳೆದರೇ? ಎಷ್ಟು ಭಾರವಿಟ್ಟು ಎತ್ತಿಸಿದರು? ಯಾವುದಕ್ಕೂ ಉತ್ತರವಿಲ್ಲ. ಆರು ತಿಂಗಳ ನಂತರ ಬರುವ ಇನ್ನೊಬ್ಬ ತಪಾಸಕರು ಈ ಪತ್ರ ಹಿಡಿದು, ಆಗ ಹೇಗಿತ್ತು, ಈಗ ಎಷ್ಟು ಸವೆದಿದೆ ಎಂದು ಹೋಲಿಸಿ ನೋಡಲು ಆಗಬೇಕು. ಪತ್ರದ ಪದಗಳನ್ನು ಆರಿಸಬೇಕಾದದ್ದು ಆ ಲೆಕ್ಕದಲ್ಲಿ.

ಮೊದಲು ಗುರುತು

ಏಣಿ ಹತ್ತುವ ಮೊದಲೇ ಪತ್ರದ ತಲೆಭಾಗ ತುಂಬಿಸಿ. ತಯಾರಕರ ಹೆಸರು, ಮಾದರಿ, ಸೀರಿಯಲ್ ನಂಬರು ಬರೆದರೆ ಕೆಲಸ ಅರ್ಧ ಮಾತ್ರ ಆದಂತೆ. ಟವರ್ ಕ್ರೇನನ್ನು ಪ್ರತಿ ಸೈಟಿನಲ್ಲಿ ಬೇರೆ ಬೇರೆ ರೀತಿ ಜೋಡಿಸುತ್ತಾರೆ. ಒಂದೇ ಕ್ರೇನಿಗೆ 40 ಮೀಟರ್ ಜಿಬ್ ಹಾಕಿದಾಗಿನ ಭಾರದ ಪಟ್ಟಿ ಬೇರೆ, 55 ಮೀಟರ್ ಜಿಬ್ ಹಾಕಿದಾಗಿನದು ಬೇರೆ. ಆದ್ದರಿಂದ ಇವತ್ತು ನಿಂತಿರುವ ರೂಪವನ್ನೇ ಬರೆಯಬೇಕು: ಜಿಬ್ಬಿನ ಉದ್ದ, ಹುಕ್ಕಿನ ಎತ್ತರ, ಕೌಂಟರ್ ಜಿಬ್ಬಿನಲ್ಲಿರುವ ಕಾಂಕ್ರೀಟ್ ಬ್ಲಾಕುಗಳ ಸಂಖ್ಯೆ ಮತ್ತು ತೂಕ, ಹುಕ್ಕನ್ನು ಹೊತ್ತ ಹಗ್ಗ ಎರಡು ಸಾಲಾಗಿ ಇಳಿದಿದೆಯೋ ನಾಲ್ಕು ಸಾಲಾಗಿಯೋ, ಕ್ರೇನಿನ ನಿಂತ ಗೋಪುರವಾದ ಮಾಸ್ಟನ್ನು ಕಟ್ಟಡಕ್ಕೆ ಯಾವ ಎತ್ತರಗಳಲ್ಲಿ ಕಟ್ಟಿದ್ದಾರೆ ಎಂಬುದು.

ತಪಾಸಣೆ ಯಾಕೆ ನಡೆಯಿತು ಎಂಬುದಕ್ಕೂ ಒಂದು ಸಾಲು ಬೇಕು. ಹೊಸದಾಗಿ ಜೋಡಿಸಿದ ಮೇಲೋ, ಮಾಸ್ಟ್ ಎತ್ತರಿಸಿದ ಮೇಲೋ, ಬಿರುಗಾಳಿ ಹೊಡೆದ ಮೇಲೋ, ಅವಧಿ ಬಂತೆಂದೋ? ಮಾಸ್ಟ್ ಎತ್ತರಿಸಿದ ಮೇಲಿನ ತಪಾಸಣೆಯಾದರೆ ಹೊಸದಾಗಿ ಸೇರಿಸಿದ ಭಾಗಗಳ ಪಿನ್ನು, ಬೋಲ್ಟುಗಳೇ ಮುಖ್ಯ. ಹಾಗಾಗಿ ಈ ಒಂದು ಸಾಲು ಓದಿದರೆ, ಪತ್ರದ ಉಳಿದ ಭಾಗದಲ್ಲಿ ಏನೇನು ಇರಲೇಬೇಕಿತ್ತು ಎಂಬುದು ತಿಳಿಯುತ್ತದೆ.

ನೋಡಿದ್ದು, ಅಳೆದದ್ದು, ನಡೆಸಿ ನೋಡಿದ್ದು

‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದವನ್ನು ಎಲ್ಲದಕ್ಕೂ ಬಳಸಬೇಡಿ. ಕಣ್ಣಿಂದ ನೋಡಿದ್ದಕ್ಕೆ ‘ನೋಡಿದೆ’, ಅಳತೆ ತೆಗೆದದ್ದಕ್ಕೆ ‘ಅಳೆದೆ’, ಕೆಲಸ ಮಾಡಿಸಿ ನೋಡಿದ್ದಕ್ಕೆ ‘ನಡೆಸಿ ನೋಡಿದೆ’ ಎಂದೇ ಬರೆಯಿರಿ. ‘ಲಿಮಿಟ್ ಸ್ವಿಚ್ ಸರಿ ಇದೆ’ ಎಂದರೆ ಸ್ವಿಚ್ಚು ಜಾಗದಲ್ಲಿದೆ ಎಂದೂ ಆಗಬಹುದು, ಅದು ಕ್ರೇನನ್ನು ನಿಲ್ಲಿಸಿತು ಎಂದೂ ಆಗಬಹುದು. ಓವರ್‌ಲೋಡ್ ತಡೆಗೆ ಪತ್ರದಲ್ಲಿ ಹೀಗಿರಲಿ: ‘50 ಮೀಟರ್ ತ್ರಿಜ್ಯದಲ್ಲಿ ಪಟ್ಟಿಯ ಪ್ರಕಾರ 2.0 ಟನ್. 2.0 ಟನ್ ಇಟ್ಟಾಗ ಎತ್ತಿತು, 2.2 ಟನ್ ಇಟ್ಟಾಗ ಎತ್ತದೆ ನಿಂತಿತು. ಭಾರಗಳನ್ನು ತೂಗಿ ನೋಡಲಾಗಿತ್ತು.’ ಕೊನೆಯ ವಾಕ್ಯ ಬಿಡಬೇಡಿ. ಸೈಟಿನಲ್ಲಿ ಸಿಕ್ಕ ಕಾಂಕ್ರೀಟ್ ಬ್ಲಾಕಿನ ತೂಕವನ್ನು ಅಂದಾಜಿನಲ್ಲಿ ಹೇಳಿದರೆ ಮೇಲಿನ ಎರಡು ಅಂಕಿಗಳಿಗೂ ಬೆಲೆ ಇರುವುದಿಲ್ಲ.

ನೋಡಲು ಆಗದೇ ಇದ್ದದ್ದನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಬೇಕು. ತಪಾಸಕರು ಹೆಚ್ಚಾಗಿ ಹಿಂಜರಿಯುವುದು ಇಲ್ಲಿಯೇ, ತಮ್ಮ ಕೆಲಸ ಕಡಿಮೆಯಾಯಿತೆಂದು ಓದುವವರು ಭಾವಿಸಿಯಾರು ಎಂದು. ‘ತಳದ ಆಂಕರ್ ಭಾಗ ನೀರಿನಲ್ಲಿ ಮುಳುಗಿತ್ತು; ನೋಡಲಾಗಲಿಲ್ಲ. ನೀರು ತೆಗೆದು ತೋರಿಸುವವರೆಗೆ ಆ ಭಾಗಕ್ಕೆ ಈ ಪತ್ರ ಅನ್ವಯಿಸುವುದಿಲ್ಲ’ ಎಂಬ ಸಾಲು ಇಲ್ಲದೆ ಹೋದರೆ, ಸಹಿ ಅದಕ್ಕೂ ಸೇರಿದ್ದೇ ಎಂದು ಎಲ್ಲರೂ ತಿಳಿಯುತ್ತಾರೆ.

ದೋಷದ ವಾಕ್ಯ

ಒಂದು ದೋಷವನ್ನು ಬರೆದಾಗ ಅದನ್ನು ಓದಿದ ಫಿಟ್ಟರ್, ಯಾರನ್ನೂ ಕೇಳದೆ ನೇರವಾಗಿ ಆ ಜಾಗಕ್ಕೆ ಹೋಗುವಂತಿರಬೇಕು. ಅದಕ್ಕೆ ಐದು ಸಂಗತಿ ಬೇಕು: ಎಲ್ಲಿ, ಏನು, ಎಷ್ಟು, ಅದಕ್ಕೆ ಮಿತಿ ಎಷ್ಟು ಮತ್ತು ಆ ಮಿತಿ ಎಲ್ಲಿಯದು, ಯಾವಾಗಿನೊಳಗೆ ಏನು ಮಾಡಬೇಕು. ಕ್ರೇನಿನ ಮೇಲ್ಭಾಗ ತಿರುಗುವ ಬಳೆಯೇ ಸ್ಲ್ಯೂ ರಿಂಗ್. ‘ಸ್ಲ್ಯೂ ರಿಂಗಿನ ಕೆಲವು ಬೋಲ್ಟುಗಳು ಸಡಿಲ’ ಎಂದು ಬರೆದರೆ ಫಿಟ್ಟರ್ ಕೈಗೆ ಸಿಕ್ಕ ಬೋಲ್ಟುಗಳನ್ನು ಬಿಗಿದು ಇಳಿಯುತ್ತಾನೆ. ‘48 ಬೋಲ್ಟುಗಳಲ್ಲಿ 7 ಮತ್ತು 8ನೆಯವು ತಯಾರಕರು ಹೇಳಿದ ಟಾರ್ಕ್ ತಲುಪುವ ಮೊದಲೇ ತಿರುಗಿದವು, ಎಣಿಕೆ ಉತ್ತರದ ಬಣ್ಣದ ಗುರುತಿನಿಂದ ಪ್ರದಕ್ಷಿಣೆಯಾಗಿ’ ಎಂದರೆ ವಿಷಯವೇ ಬೇರೆ. ಸಡಿಲವಾದ ಎರಡೂ ಅಕ್ಕಪಕ್ಕದವು ಎಂಬುದು ಓದಿದ ಕೂಡಲೇ ಕಾಣುತ್ತದೆ. ಅವೆರಡೂ ಹೊರಬೇಕಾದ ಭಾರ ಅತ್ತಿತ್ತಲಿನ 6 ಮತ್ತು 9ರ ಮೇಲೆ ಬಿದ್ದಿರುತ್ತದೆ, ಅವನ್ನೂ ನೋಡಬೇಕು ಎಂಬುದು ಹೊಳೆಯುತ್ತದೆ.

ವೈರ್ ರೋಪಿನ ಒಂದು ಲೆಕ್ಕ

ವಾಕ್ಯದ ರೂಪ ಎಷ್ಟು ಮುಖ್ಯ ಎಂಬುದು ವೈರ್ ರೋಪಿನ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಭಾರ ಎತ್ತುವ ಹಗ್ಗ 16 ಮಿ.ಮೀ., ಹೊರೆ ತೂಗಿದಾಗ ತಿರುಚಿಕೊಳ್ಳದ ಜಾತಿಯದು. ಹೊಸದಾಗಿ ಹಾಕಿ ಸ್ವಲ್ಪ ಓಡಿಸಿದ ಮೇಲೆ, ಪುಲ್ಲಿಯ ಮೇಲೆ ಬಾಗದ ಜಾಗದಲ್ಲಿ ಅಳೆದಾಗ ವ್ಯಾಸ 16.3 ಮಿ.ಮೀ. ಇತ್ತು. ಇದು ಮೂಲ ಅಳತೆ.

ಈಗ ತಪಾಸಣೆ. ಜಿಬ್ಬಿನ ತುದಿಯಲ್ಲಿ ಹಗ್ಗ ಕಟ್ಟಿರುವ ಕೊನೆಯಿಂದ 38 ಮೀಟರ್ ದೂರದಲ್ಲಿ ಹಗ್ಗ ತೆಳುವಾದಂತೆ ಕಾಣುತ್ತದೆ. ಹುಕ್ಕಿನಲ್ಲಿ ಹೊರೆ ಇಲ್ಲದಾಗ ಅಗಲ ದವಡೆಯ ವರ್ನಿಯರಿನಿಂದ, ಎಳೆಗಳ ಉಬ್ಬಿನ ಮೇಲೆ, ಒಂದಕ್ಕೊಂದು ಅಡ್ಡಲಾಗಿ ಎರಡು ಸಲ ಅಳೆದಾಗ 15.68 ಮತ್ತು 15.72 ಬಂತು. ಸರಾಸರಿ 15.7. ಮೂಲ ಅಳತೆಯಿಂದ ಇಳಿದದ್ದು 0.6 ಮಿ.ಮೀ. ಅದನ್ನು ಹಗ್ಗದ ಹೆಸರಿನ ವ್ಯಾಸವಾದ 16ರಿಂದ ಭಾಗಿಸಿದರೆ ಶೇ 3.75.

ವೈರ್ ರೋಪಿನ ತಪಾಸಣೆಗೆ ಲೋಕವೆಲ್ಲ ನೋಡುವ ಮಾನದಂಡ ಐಎಸ್‌ಒ 4309. ಈ ಜಾತಿಯ ಹಗ್ಗ ಒಂದೇ ಸಮನೆ ಶೇ 5 ತೆಳುವಾದರೆ ಅದನ್ನು ತೆಗೆದುಹಾಕಬೇಕು ಎನ್ನುತ್ತದೆ ಅದು. ನಡುವೆ ಉಕ್ಕಿನ ತಿರುಳಿರುವ ಸಾಮಾನ್ಯ ಹಗ್ಗಕ್ಕೆ ಶೇ 7.5, ನಾರಿನ ತಿರುಳಿರುವುದಕ್ಕೆ ಶೇ 10. ನಮ್ಮ ಹಗ್ಗದ್ದು ಶೇ 3.75, ಆದ್ದರಿಂದ ವ್ಯಾಸವೊಂದನ್ನೇ ನೋಡಿದರೆ ಪಾಸು. ಆದರೆ ಅದೇ ಮಾನದಂಡದ ಪ್ರಕಾರ ನಮ್ಮ ಜಾತಿಯ ಹಗ್ಗದಲ್ಲಿ ಶೇ 3ರಿಂದ 4ರೊಳಗಿನ ಇಳಿಕೆಯನ್ನು ತೆಗೆದುಹಾಕುವ ಮಿತಿಯ ಶೇ 60 ಎಂದು ಎಣಿಸಬೇಕು.

ಅದೇ ಜಾಗದಲ್ಲಿ ಹಗ್ಗದ ವ್ಯಾಸದ ಆರು ಪಟ್ಟು ಉದ್ದದೊಳಗೆ, ಅಂದರೆ 96 ಮಿ.ಮೀ. ಒಳಗೆ, ಎರಡು ತಂತಿ ಮುರಿದಿವೆ. ಈ ವರ್ಗದ ಹಗ್ಗಕ್ಕೆ ಕೋಷ್ಟಕ ಕೊಡುವ ಮಿತಿ 5 ಎಂದಿಟ್ಟುಕೊಳ್ಳಿ. ಐದರಲ್ಲಿ ಎರಡು ಎಂದರೆ ಶೇ 40. ತಂತಿ ಮುರಿದದ್ದನ್ನೊಂದೇ ನೋಡಿದರೂ ಪಾಸು. ಆದರೆ ಎರಡೂ ಒಂದೇ ಜಾಗದಲ್ಲಿವೆ, ಕೂಡಿಸಿ ನೋಡಬೇಕು: 60ಕ್ಕೆ 40 ಸೇರಿದರೆ 100. ಹಗ್ಗ ಇಳಿಸಲೇಬೇಕು.

ಪತ್ರದಲ್ಲಿ ‘ವ್ಯಾಸ ಮಿತಿಯೊಳಗಿದೆ’, ‘ಮುರಿದ ತಂತಿ ಮಿತಿಯೊಳಗಿದೆ’ ಎಂದು ಎರಡು ಪ್ರತ್ಯೇಕ ಸಾಲು ಬರೆದಿದ್ದರೆ ಎರಡೂ ನಿಜವೇ ಆಗಿರುತ್ತಿತ್ತು, ಹಗ್ಗ ಮಾತ್ರ ಕ್ರೇನಿನಲ್ಲೇ ಉಳಿಯುತ್ತಿತ್ತು. ಇನ್ನೊಂದು ತಪ್ಪು ಇದಕ್ಕಿಂತ ಸುಲಭವಾಗಿ ಆಗುತ್ತದೆ. ಮೂಲ ಅಳತೆ 16.3 ಎಲ್ಲೂ ದಾಖಲಾಗದೆ ಹೋಗಿದ್ದರೆ ತಪಾಸಕರು 16ರಿಂದಲೇ ಕಳೆಯುತ್ತಾರೆ. ಆಗ ಇಳಿಕೆ 0.3 ಮಿ.ಮೀ., ಶೇ 2ಕ್ಕೂ ಕಡಿಮೆ, ಎಣಿಕೆ ಶೇ 20 ಮಾತ್ರ. ಒಟ್ಟು 60 ಆಗಿ ಹಗ್ಗ ಇನ್ನೂ ಓಡಬಹುದು ಎನ್ನಿಸುತ್ತದೆ. ಅದಕ್ಕೇ ಹೊಸ ಹಗ್ಗ ಹಾಕಿದ ದಿನದ ಪತ್ರದಲ್ಲಿ ಮೂಲ ವ್ಯಾಸಕ್ಕೆ ಒಂದು ಖಾನೆ ಇರಲೇಬೇಕು ಎಂದು ನಾವು ಒತ್ತಿ ಹೇಳುವುದು.

ಈ ದೋಷವನ್ನು ಬರೆಯಬೇಕಾದದ್ದು ಹೀಗೆ: ‘ಭಾರ ಎತ್ತುವ ಹಗ್ಗ, 16 ಮಿ.ಮೀ., ಜಿಬ್ ತುದಿಯ ಕಟ್ಟಿನಿಂದ 38 ಮೀಟರಿನಲ್ಲಿ: ವ್ಯಾಸ 15.7 (ಮೂಲ 16.3), ಇಳಿಕೆ ಶೇ 3.75, ಎಣಿಕೆ 60. ಅದೇ ಜಾಗದಲ್ಲಿ 96 ಮಿ.ಮೀ. ಒಳಗೆ ಹೊರಮೈಯ ಉಬ್ಬಿನಲ್ಲಿ ಎರಡು ತಂತಿ ಮುರಿದಿವೆ, ಮಿತಿ 5, ಎಣಿಕೆ 40. ಒಟ್ಟು 100. ಆಧಾರ ಐಎಸ್‌ಒ 4309. ಹಗ್ಗ ಬದಲಿಸುವವರೆಗೆ ಕ್ರೇನ್ ಬಳಸಬಾರದು.’ ಇದರಲ್ಲಿ ‘ಉಬ್ಬಿನಲ್ಲಿ’ ಎಂಬ ಪದವನ್ನು ಬೇಕೆಂದೇ ಹಾಕಿದ್ದು. ತಂತಿ ಮುರಿದದ್ದು ಎಳೆಗಳ ನಡುವಿನ ಸಂದಿಯಲ್ಲಾದರೆ, ಒಂದು ಹೊಸೆತದ ಉದ್ದದಲ್ಲಿ, ಅಂದರೆ ಎಳೆಯೊಂದು ಹಗ್ಗವನ್ನು ಒಂದು ಸುತ್ತು ಬರುವಷ್ಟು ಉದ್ದದಲ್ಲಿ, ಎರಡು ಕಂಡರೆ ಸಾಕು, ಕೂಡಿಸುವ ಲೆಕ್ಕವೇ ಬೇಡ, ಹಗ್ಗ ತೆಗೆಯಬೇಕು.

ಯಾವಾಗಿನೊಳಗೆ?

ದೋಷಗಳನ್ನು ಮೂರು ಗುಂಪು ಮಾಡಿದರೆ ಸಾಕು: ಈಗಲೇ ಅಪಾಯವಿರುವುದು, ಇಂಥ ದಿನದೊಳಗೆ ಸರಿಪಡಿಸದಿದ್ದರೆ ಅಪಾಯವಾಗುವುದು, ಮುಂದಿನ ಸಲ ಗಮನಿಸಬೇಕಾದದ್ದು. ಬಣ್ಣ ಎದ್ದು ಮೇಲ್ಮೈ ತುಕ್ಕು ಹಿಡಿದಿದೆ, ಕೆಳಗಿನ ಲೋಹ ತೆಳುವಾಗಿಲ್ಲ ಎಂದರೆ ಅದು ಮೂರನೆಯದು. ಬ್ರೇಕಿನ ಲೈನಿಂಗ್ 4 ಮಿ.ಮೀ. ಉಳಿದಿದೆ, ತಯಾರಕರ ಕನಿಷ್ಠ 3 ಮಿ.ಮೀ. ಎಂದರೆ ಎರಡನೆಯದು. ಎರಡನೆಯ ಗುಂಪಿನಲ್ಲಿ ‘ಶೀಘ್ರದಲ್ಲೇ’, ‘ಆದಷ್ಟು ಬೇಗ’ ಎಂಬ ಪದಗಳಿಗೆ ಜಾಗ ಕೊಡಬೇಡಿ, ತಾರೀಖು ಬರೆಯಿರಿ. ತಾರೀಖಿಲ್ಲದ ದೋಷ ಮುಂದಿನ ಪತ್ರದಲ್ಲೂ ಅದೇ ಮಾತಿನಲ್ಲಿ ಕಾಣಿಸಿಕೊಳ್ಳುತ್ತದೆ.

ಮೊದಲ ಗುಂಪಿನದು ಸಿಕ್ಕರೆ ವರದಿ ಟೈಪಾಗುವವರೆಗೆ ಕಾಯುವಂತಿಲ್ಲ. ಕೆಳಗಿಳಿದ ಕೂಡಲೇ ಸೈಟಿನ ಹೊಣೆ ಹೊತ್ತವರಿಗೆ ಬಾಯಲ್ಲಿ ಹೇಳಿ, ಕ್ರೇನ್ ನಿಲ್ಲಿಸಿ, ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿಸಿ, ‘ಬಳಸಬಾರದು’ ಫಲಕ ಕಟ್ಟಿಸಿ. ಯಾರಿಗೆ, ಎಷ್ಟು ಗಂಟೆಗೆ ಹೇಳಿದಿರಿ ಎಂಬುದನ್ನು ಕೈಬರಹದಲ್ಲಾದರೂ ಬರೆದು ಅವರ ಸಹಿ ಪಡೆಯಿರಿ. ಪತ್ರದ ತೀರ್ಮಾನದ ಸಾಲೂ ಇದಕ್ಕೆ ಹೊಂದಬೇಕು. ಒಳಪುಟದಲ್ಲಿ ‘ಬಳಸಬಾರದು’ ಎಂದಿದ್ದು ಮೊದಲ ಪುಟದಲ್ಲಿ ‘ಷರತ್ತಿಗೆ ಒಳಪಟ್ಟು ಸುರಕ್ಷಿತ’ ಎಂದಿದ್ದರೆ, ಸೈಟಿನವರು ಓದುವುದು ಮೊದಲ ಪುಟವನ್ನೇ.

ಭಾರವನ್ನು ಹುಕ್ಕಿಗೆ ಕಟ್ಟುವ ಸ್ಲಿಂಗ್, ಶ್ಯಾಕಲ್‌ಗಳಿಗೆ ಬೇರೆ ಪಟ್ಟಿ ಇರಲಿ, ಪ್ರತಿಯೊಂದಕ್ಕೂ ಅದರ ಮೇಲೆ ಒತ್ತಿದ ನಂಬರು ಸಹಿತ. ‘ಸ್ಲಿಂಗ್‌ಗಳು 12, ಸರಿ ಇವೆ’ ಎಂದರೆ ಹದಿಮೂರನೆಯದನ್ನು ಯಾರೂ ಹುಡುಕುವುದಿಲ್ಲ. ನಂಬರು ಅಳಿಸಿಹೋದ ಸ್ಲಿಂಗ್ ನೋಡಲು ಎಷ್ಟೇ ಚೆನ್ನಾಗಿದ್ದರೂ ಅದು ಎಷ್ಟು ಭಾರಕ್ಕೆ ಎಂಬುದು ತಿಳಿಯದ ಕಾರಣ ಬಳಕೆಯಿಂದ ತೆಗೆಯಬೇಕು. ತೆಗೆದದ್ದನ್ನು ಕತ್ತರಿಸಿಹಾಕಿ ‘ಕತ್ತರಿಸಲಾಗಿದೆ’ ಎಂದು ಬರೆಯಿರಿ. ಮೂಲೆಗೆ ಎಸೆದದ್ದು ಕೆಲಸದ ಅವಸರದಲ್ಲಿ ಮತ್ತೆ ಹುಕ್ಕಿಗೆ ಬರುತ್ತದೆ.

ದೋಷ ಮುಚ್ಚುವುದು

‘ಸರಿಪಡಿಸಲಾಗಿದೆ’ ಎಂದು ಸೈಟಿನಿಂದ ಬಂದ ಒಂದು ಸಾಲಿನ ಮೇಲೆ ದೋಷ ಮುಚ್ಚಬೇಡಿ. ಮೇಲಿನ ಹಗ್ಗದ ವಿಷಯದಲ್ಲಿ ಮುಚ್ಚುವ ಹಾಳೆಯಲ್ಲಿ ಇರಬೇಕಾದದ್ದು ಇಷ್ಟು: ಹಳೆಯ ದೋಷದ ಕ್ರಮಸಂಖ್ಯೆ, ಹೊಸ ಹಗ್ಗದ ಪ್ರಮಾಣಪತ್ರದ ನಂಬರು, ಎರಡೂ ಕೊನೆಗಳ ಕಟ್ಟನ್ನು ಯಾರು ನೋಡಿದರು ಎಂಬುದು, ಹಗ್ಗ ಬದಲಿಸಿದ ಮೇಲೆ ಹುಕ್ಕಿನ ಮೇಲಿನ ಮತ್ತು ಕೆಳಗಿನ ಲಿಮಿಟ್ ಸ್ವಿಚ್ಚುಗಳನ್ನು ಮತ್ತೆ ಹೊಂದಿಸಿ ನಡೆಸಿ ನೋಡಿದ ಫಲ. ಹಗ್ಗದ ಉದ್ದ ಸ್ವಲ್ಪ ಬದಲಾದರೂ ಸ್ವಿಚ್ಚು ನಿಲ್ಲಿಸುವ ಜಾಗ ಬದಲಾಗುತ್ತದೆ, ಮೇಲಿನದು ತಡವಾದರೆ ಹುಕ್ ಬ್ಲಾಕ್ ಜಿಬ್ಬಿನುದ್ದಕ್ಕೂ ಓಡುವ ಟ್ರಾಲಿಗೆ ಬಡಿಯುತ್ತದೆ. ಆಮೇಲೆ ಹಗುರ ಭಾರದಲ್ಲಿ ಕೆಲವು ಸಲ ಓಡಿಸಿ, ಬಾಗದ ಜಾಗದಲ್ಲಿ ವ್ಯಾಸ ಅಳೆದು, ಹೊಸ ಮೂಲ ಅಳತೆಯ ಖಾನೆ ತುಂಬಿಸಿ ಸಹಿ ಹಾಕಿ.