ಮಕ್ಕಳ ಹಲ್ಲಿಗೆ ಎಂಟು ಸ್ಲೈಡು, ಒಂದೇ ಒಂದು ರಾತ್ರಿ: ನನ್ನ ಅನುಭವ

ಮಕ್ಕಳ ಹಲ್ಲಿನ ಬಗ್ಗೆ ಕ್ಯಾರೊಸೆಲ್, ಅಂದರೆ ಒಂದೊಂದೇ ಸ್ಲೈಡ್ ಸರಿಸಿ ನೋಡುವ ಪೋಸ್ಟ್, ಮಾಡುವಾಗ ನಗುವ ಕಾರ್ಟೂನ್ ಹಲ್ಲು ಬೇಡ, ಕಪ್ಪಗೆ ಹುಳುಕಾದ ಬಾಯಿಯ ಫೋಟೊ ಬೇಡ, ಕೊನೆಯ ಸ್ಲೈಡಿನಲ್ಲಿ ಕ್ಲಿನಿಕ್ಕಿನ ಫೋನ್ ನಂಬರೂ ಬೇಡ ಅಂತ ನಾನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ಕೆಲಸ ಕೊಟ್ಟ ಹಲ್ಲಿನ ಡಾಕ್ಟರು, "ಇಷ್ಟೆಲ್ಲ ತೆಗೆದರೆ ಉಳಿಯೋದೇನು?" ಅಂತ ಕೇಳಿದರು. "ಒಂದು ರಾತ್ರಿ ಉಳಿಯುತ್ತೆ ಮೇಡಂ. ಊಟ ಆದಮೇಲಿಂದ ಮಗು ಮಲಗೋವರೆಗೆ. ಅಷ್ಟನ್ನೇ ತೋರಿಸೋಣ" ಅಂದೆ. ಈಗ ಅದೇ ಕ್ಯಾರೊಸೆಲ್ ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಫ್ಯಾಮಿಲಿ ಗ್ರೂಪುಗಳಲ್ಲಿ ಇನ್ನೂ ಓಡಾಡುತ್ತಿದೆ. ಹೇಗೆ ಮಾಡಿದೆ ಅಂತ ತುಂಬಾ ಜನ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಕಥೆ. ಇದಕ್ಕೂ ಮುಂಚೆ ಇದೇ ಕ್ಲಿನಿಕ್ಕಿಗೆ ಬೇರೆ ಕಡೆಯಿಂದ ಒಂದು ಕ್ಯಾರೊಸೆಲ್ ಮಾಡಿಸಿದ್ದರು. ಕಣ್ಣು ಬಾಯಿ ಇರುವ ಹಲ್ಲಿನ ಚಿತ್ರ, "ದಿನಕ್ಕೆ ಎರಡು ಬಾರಿ ಹಲ್ಲುಜ್ಜಿ", "ಸಿಹಿ ಕಡಿಮೆ ಮಾಡಿ", "ಆರೋಗ್ಯಕರ ಆಹಾರ ಸೇವಿಸಿ". ಚಿತ್ರಕ್ಕೆ ನಾಲ್ಕು ಸಾವಿರದ ಹತ್ತಿರ, ಬೂಸ್ಟ್ ಮಾಡಲು ಇನ್ನೊಂದು ಒಂದೂವರೆ ಸಾವಿರ ಹೋಗಿತ್ತು. ಲೈಕ್ ಬಂದವು. ಸೇವ್ ಮಾಡಿದವರು ಬೆರಳೆಣಿಕೆಯಷ್ಟು, ಫಾರ್ವರ್ಡ್ ಅಂತೂ ಇಲ್ಲವೇ ಇಲ್ಲ. ಯಾಕೆ ಮಾಡ್ತಾರೆ? ಆ ಮಾತು ಯಾವ ಅಪ್ಪ ಅಮ್ಮನಿಗೆ ಗೊತ್ತಿಲ್ಲ ಹೇಳಿ. ಗೊತ್ತಿಲ್ಲದ್ದು ಬೇರೆ: ಪೇಸ್ಟ್ ಎಷ್ಟು ಹಾಕಬೇಕು, ಒದ್ದಾಡುವ ಮಗುವನ್ನು ಹೇಗೆ ಹಿಡಿಯಬೇಕು, ಉಜ್ಜಿದ ಮೇಲೆ ಬಾಯಿ ಮುಕ್ಕಳಿಸಬೇಕೋ ಬೇಡವೋ.

ರಾತ್ರಿಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಬೆಳಿಗ್ಗೆ ಹಲ್ಲುಜ್ಜುವುದು ನಮ್ಮ ಎಲ್ಲ ಮನೆಗಳಲ್ಲೂ ನಡೆದೇ ನಡೆಯುತ್ತದೆ. ತಪ್ಪಿಹೋಗುವುದು ರಾತ್ರಿಯದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಹಲ್ಲಿಗೆ ಅಂಟಿದ ಸಿಹಿಯನ್ನು ತೊಳೆಯುವವರು ಯಾರೂ ಇರುವುದಿಲ್ಲ. ಹಾಗಾಗಿ ಮೊದಲ ಸ್ಲೈಡಿಗೆ "ಇವತ್ತು ರಾತ್ರಿ, ಎರಡೇ ನಿಮಿಷ" ಅಂತ ಮಾತ್ರ ಹಾಕಿದೆ. ಬೆಳಿಗ್ಗೆಯದು ಬಿಡಬೇಡಿ ಅನ್ನುವುದು ಕೆಳಗೆ ಸಣ್ಣಕ್ಕೆ ಇದೆ.

ಅತಿ ಹೆಚ್ಚು ಬೆವರು ಹರಿದದ್ದು ಎರಡನೇ ಸ್ಲೈಡಿಗೆ. ಅದರಲ್ಲಿ ಪೇಸ್ಟಿನ ಅಳತೆ ತೋರಿಸಬೇಕಿತ್ತು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು. ಜಾಹೀರಾತುಗಳಲ್ಲಿ ಬ್ರಶ್ಶಿನ ಈ ತುದಿಯಿಂದ ಆ ತುದಿವರೆಗೆ ಪೇಸ್ಟ್ ಬಳಿದಿರುತ್ತಾರೆ, ಮನೆಗಳಲ್ಲೂ ಅದೇ ಅಭ್ಯಾಸ. ಬರೀ ಅಕ್ಷರದಲ್ಲಿ ಹೇಳಿದರೆ ಯಾರ ತಲೆಗೂ ಹೋಗಲ್ಲ. ನಿಜವಾದ ಅಕ್ಕಿ ಕಾಳನ್ನೇ ಬ್ರಶ್ಶಿನ ಪಕ್ಕ ಇಟ್ಟು ಫೋಟೊ ತೆಗೆಯಬೇಕು ಅಂತ ತೀರ್ಮಾನ ಮಾಡಿದೆ.

ತೆಗೆಯಲು ಹೋದರೆ ಬ್ರಶ್ಶಿನ ಬಿಳಿ ಎಳೆ, ಬಿಳಿ ಪೇಸ್ಟ್, ಬಿಳಿ ಅಕ್ಕಿ. ಫೋನಿನಲ್ಲಿ ಏನೂ ಕಾಣಲಿಲ್ಲ. ಕೊನೆಗೆ ಕಡು ಹಸಿರು ಎಳೆಗಳಿರುವ ಮಕ್ಕಳ ಬ್ರಶ್ ಹುಡುಕಿ ತಂದೆ, ಇಪ್ಪತ್ತೈದೋ ಮೂವತ್ತೋ ರೂಪಾಯಿ. ಅದರ ಕೆಳಗೆ ಹಳೆಯ ಬೀಟೆ ಮರದ ಮಣೆ ಇಟ್ಟೆ. ಕುಸುಬಲಕ್ಕಿ ಕಾಳು ತೀರಾ ದಪ್ಪ ಕಂಡಿತು, ಸಣ್ಣಕ್ಕಿ ಸರಿಹೋಯಿತು. ಪೇಸ್ಟನ್ನು ಗುಡ್ಡೆ ಮಾಡದೆ ಎಳೆಗಳೊಳಗೆ ಒತ್ತಿ ಸವರಬೇಕು, ಇಲ್ಲದಿದ್ದರೆ ಮಗು ಅದನ್ನೇ ಮೊದಲು ನೆಕ್ಕಿ ನುಂಗುತ್ತೆ. ಇದು ಡಾಕ್ಟರು ಹೇಳಿಕೊಟ್ಟದ್ದು. ಪೇಸ್ಟ್ ಎರಡೇ ನಿಮಿಷಕ್ಕೆ ಹೊಳಪು ಕಳೆದುಕೊಂಡು ಸುಣ್ಣದ ಥರ ಕಾಣುತ್ತದೆ. ಹೊಳಪು ಉಳಿಸಲು ನನ್ನದೊಂದು ಉಪಾಯ ಇದೆ, ಅದನ್ನಿಲ್ಲಿ ಹೇಳುವುದಿಲ್ಲ. ಫೋಟೊ ಮಾತ್ರ ನೀವೇ ನೋಡಿ, ಇಷ್ಟು ಸ್ಪಷ್ಟವಾಗಿ ಕನ್ನಡದಲ್ಲಿ ಯಾರೂ ತೋರಿಸಿದ್ದನ್ನು ನಾನು ನೋಡಿಲ್ಲ.

ಅದೇ ಸ್ಲೈಡಿನ ಕೆಳಗೆ ಇನ್ನೊಂದು ಸಾಲಿದೆ: ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ ಹತ್ತಿರ ಇದೆಯಾ ನೋಡಿ. ಮಕ್ಕಳ ಪೇಸ್ಟ್ ಅಂತ ಹಣ್ಣಿನ ಚಿತ್ರ ಹಾಕಿ ಮಾರುವ ಕೆಲವದರಲ್ಲಿ ಇದಕ್ಕಿಂತ ತುಂಬಾ ಕಡಿಮೆ ಇರುತ್ತದೆ, ಕೆಲವದರಲ್ಲಿ ಇರುವುದೇ ಇಲ್ಲ. ಫ್ಲೋರೈಡ್ ಅಂದರೆ ವಿಷ ಅಂತ ಹೆದರುವವರಿಗೆ ಉತ್ತರ ಮೇಲಿನ ಫೋಟೊದಲ್ಲೇ ಇದೆ. ಅಳತೆ ಅಷ್ಟು ಚಿಕ್ಕದಾಗಿರುವುದು ಮಗು ಸ್ವಲ್ಪ ನುಂಗಿದರೂ ತೊಂದರೆ ಆಗದಿರಲಿ ಅಂತಲೇ.

ಮೂರನೆಯದು ಹಿಡಿಯುವ ಕ್ರಮ. ತಾಯಿ ನೆಲದ ಮೇಲೆ ಕೂತಿದ್ದಾಳೆ, ಮಗು ಅಂಗಾತ ಮಲಗಿ ತಲೆಯನ್ನು ಅವಳ ತೊಡೆ ಮೇಲೆ ಇಟ್ಟಿದೆ. ಒಂದು ಕೈಯ ಬೆರಳಿಂದ ಮೇಲ್ದುಟಿ ಎತ್ತಿ, ಇನ್ನೊಂದು ಕೈಯಲ್ಲಿ ಬ್ರಶ್. ಮೊದಲು ಕನ್ನಡಿ ಮುಂದೆ ನಿಂತ ಮಗುವಿನ ಫೋಟೊ ಹಾಕಿದ್ದೆವು. ಪರೀಕ್ಷೆಗೆ ಅಂತ ಪರಿಚಯದ ಅಂಗನವಾಡಿ ಟೀಚರ್‌ಗೆ ತೋರಿಸಿದಾಗ ಅವರು ಕೇಳಿದ ಪ್ರಶ್ನೆಗೇ ಅದನ್ನು ತೆಗೆದೆವು: "ನಿಂತ ಮಗುವಿನ ಹಿಂದಿನ ಹಲ್ಲು ನಿಮಗೆ ಕಾಣುತ್ತಾ?" ಮಲಗಿಸಿದರೆ ಮಾತ್ರ ದವಡೆ ಹಲ್ಲು ಪೂರ್ತಿ ಕಾಣುತ್ತದೆ. ಏಳೆಂಟು ವರ್ಷದವರೆಗೆ ದೊಡ್ಡವರೇ ಉಜ್ಜಬೇಕು ಅನ್ನುವ ಸಾಲಿಗೆ ತುಂಬಾ ಜನ ಆಶ್ಚರ್ಯಪಟ್ಟರು. ಮಗು ತಾನೇ ಉಜ್ಜಲಿ, ಅದರ ಮೇಲೆ ಇನ್ನೊಮ್ಮೆ ನೀವು ಉಜ್ಜಿ.

ನಾಲ್ಕು, ಐದು ಬೇಗ ಮುಗಿದವು. ಒಸಡು ಮತ್ತು ಹಲ್ಲು ಸೇರುವ ಗೆರೆಯಲ್ಲಿ ಬ್ರಶ್ಶನ್ನು ಮೆಲ್ಲಗೆ ಆಡಿಸಿ. ಆದಮೇಲೆ ಉಗಿಸಿ, ನೀರು ಹಾಕಿ ಮುಕ್ಕಳಿಸಬೇಡಿ, ಹಲ್ಲಿನ ಮೇಲೆ ಉಳಿದ ಪೇಸ್ಟ್ ರಾತ್ರಿಯೆಲ್ಲ ಕೆಲಸ ಮಾಡುತ್ತದೆ. ಉಗಿಯಲು ಬರದ ಮಗುವಿಗೆ ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿದರೆ ಸಾಕು.

ಆರನೆಯದು ನಮ್ಮ ಊರಿಗೇ ಅಂತ ಮಾಡಿದ್ದು. ಬೆಲ್ಲದ ಕಾಫಿ, ಹಾಲು, ಬಿಸ್ಕೆಟ್ ಎಲ್ಲ ಬ್ರಶ್ಶಿಗೆ ಮುಂಚೆ, ಆಮೇಲೆ ಬರೀ ನೀರು. ಮಳೆಗಾಲದಲ್ಲಿ ಅಜ್ಜಿ ಬೆಲ್ಲದ ಕಾಫಿ ಮಾಡಿದರೆ ಮಗುವಿಗೂ ಒಂದು ಗುಟುಕು ಹೋಗುತ್ತದೆ, ಅಲ್ವಾ? ಕೊಡಬೇಡಿ ಅಂದರೆ ಅಜ್ಜಿಗೆ ಬೇಜಾರು. ಹೊತ್ತು ಬದಲಿಸಿ ಅಂದರೆ ಕೇಳುತ್ತಾರೆ. ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ ಅನ್ನುವುದನ್ನೂ ಹಾಕಿದೆವು. ಎದೆಹಾಲಿನ ಬಗ್ಗೆ ಬರೆಯುವುದು ಬೇಡ ಅಂತ ಡಾಕ್ಟರು ಖಡಾಖಂಡಿತ ಹೇಳಿದರು. ಒಂದು ಸಾಲು ಓದಿ ಯಾರಾದರೂ ಹಾಲು ಬಿಡಿಸಿಬಿಟ್ಟರೆ ಕಷ್ಟ, ಅದನ್ನು ಎದುರು ಕೂತೇ ಮಾತಾಡಬೇಕು ಅಂತ ಅವರ ಮಾತು. ನನಗೂ ಸರಿ ಅನ್ನಿಸಿತು.

ಏಳನೆಯದು ಇಡೀ ಕ್ಯಾರೊಸೆಲ್ಲಿನ ಜೀವ. ತುಟಿ ಎತ್ತಿ ಮೇಲಿನ ಮುಂದಿನ ಹಲ್ಲು ನೋಡಿ, ಒಸಡಿನ ಪಕ್ಕ ಮಂಕಾದ ಬಿಳಿ ಗೆರೆ ಇದೆಯಾ ನೋಡಿ. ಹುಳುಕು ಶುರುವಾಗುವುದು ಹಾಗೆ. ಆ ಹಂತದಲ್ಲಿ ಕಂಡರೆ ಎಷ್ಟೋ ಸಲ ಅಲ್ಲಿಗೇ ನಿಲ್ಲಿಸಬಹುದು. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದ ಮೇಲೆ ಕೆಲಸ ದೊಡ್ಡದಾಗುತ್ತದೆ. ಜುಲೈ ಮಳೆಯಲ್ಲಿ ಕ್ಲಿನಿಕ್ಕಿನೊಳಗೆ ಟ್ಯೂಬ್‌ಲೈಟಿನಲ್ಲಿ ತೆಗೆದ ಫೋಟೊಗಳಲ್ಲಿ ಆ ಗೆರೆ ಕಾಣಲೇ ಇಲ್ಲ. ಕಾರಣ ಬೆಳಕು ಮಾತ್ರ ಅಲ್ಲ. ಜೊಲ್ಲಿನಿಂದ ಒದ್ದೆಯಾದ ಹಲ್ಲಿನಲ್ಲಿ ಅದು ಮರೆಯಾಗುತ್ತದೆ. ಡಾಕ್ಟರು ಗಾಜ್ ಬಟ್ಟೆಯಲ್ಲಿ ಹಲ್ಲನ್ನು ಒರೆಸಿ ಒಣಗಿಸಿದ ಕೂಡಲೇ ಗೆರೆ ಎದ್ದು ಕಂಡಿತು. ಮಳೆ ಬಿಟ್ಟ ಒಂದು ಬೆಳಿಗ್ಗೆ ಜಗುಲಿಯಲ್ಲಿ ಕೂರಿಸಿ ತೆಗೆದೆವು. ತಾಯಿಯ ಒಪ್ಪಿಗೆ ಬರೆಸಿಕೊಂಡು, ತುಟಿ ಹಲ್ಲು ಬಿಟ್ಟು ಮುಖದ ಯಾವ ಭಾಗವೂ ಬರದಂತೆ ಕತ್ತರಿಸಿದೆ. "ಮೊದಲು ಒರೆಸಿ, ಆಮೇಲೆ ನೋಡಿ" ಅಂತ ಸ್ಲೈಡಿನಲ್ಲೂ ಬರೆದೆ.

ಎಂಟನೆಯದಕ್ಕೇ ಜಗಳ. ಮೊದಲ ಕರಡಿನಲ್ಲಿ "ತಕ್ಷಣ ದಂತವೈದ್ಯರನ್ನು ಸಂಪರ್ಕಿಸಿ" ಅಂತ ಇತ್ತು, ಕೆಳಗೆ ನಂಬರು. ಅದನ್ನು ಓದಿದ ನಾಲ್ಕು ಜನರೂ "ಓ, ಅಡ್ವರ್ಟೈಸ್‌ಮೆಂಟ್" ಅಂದರು. ನಾನು ಬರೆದದ್ದು ಹೀಗೆ: "ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಿ. ನೋವಿಲ್ಲದಿದ್ದರೂ ಸರಿ, ಸುಮ್ನೆ ನೋಡಿಸಿಕೊಂಡು ಬನ್ನಿ. ಒಂದು ವರ್ಷ ದಾಟಿದ್ದರೆ ಈಗಲೂ ತಡವಾಗಿಲ್ಲ. ಬಿಳಿ ಗೆರೆ ಕಂಡರೆ ಈ ವಾರವೇ ಹೋಗಿ. ನಿಮಗೆ ಹತ್ತಿರದ ಯಾವ ಡಾಕ್ಟರಾದರೂ ಆಗಬಹುದು." ಆ ಕೊನೆಯ ವಾಕ್ಯಕ್ಕೆ ಡಾಕ್ಟರ ಯಜಮಾನರು, "ದುಡ್ಡು ಕೊಟ್ಟು ಬೇರೆಯವರ ಹತ್ತಿರ ಕಳಿಸೋದಾ?" ಅಂದರು. ನಂಬರನ್ನು ಪೋಸ್ಟಿನ ಕೆಳಗಿನ ಬರಹದಲ್ಲಿ ಇಟ್ಟೆವು, ಅಲ್ಲಿಗೆ ರಾಜಿ. ಆಮೇಲಿನ ಎರಡು ತಿಂಗಳಲ್ಲಿ ಫೋನಿನಲ್ಲಿ ಏಳನೇ ಸ್ಲೈಡ್ ತೆರೆದು ತೋರಿಸುತ್ತಾ ಬಂದ ಕುಟುಂಬಗಳೇ ಮೂವತ್ತರ ಆಸುಪಾಸು ಅಂತ ರಿಸೆಪ್ಷನ್ ಹುಡುಗಿ ಹೇಳಿದಳು. ಯಜಮಾನರು ಮತ್ತೆ ಮಾತೆತ್ತಲಿಲ್ಲ.

ತಾಂತ್ರಿಕವಾಗಿ ಹೇಳುವುದು ಜಾಸ್ತಿ ಇಲ್ಲ. 1080×1350 ಪಿಕ್ಸೆಲ್ ಅಳತೆ. "ಹಲ್ಲುಜ್ಜಿ" ಥರದ ಪದಗಳಲ್ಲಿ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ, ಸಾಲುಗಳ ಅಂತರ ಅಕ್ಷರದ ಅಳತೆಯ 1.4 ಪಟ್ಟಿಗಿಂತ ಕಡಿಮೆ ಇಡಬೇಡಿ. ಮುಖ್ಯವಾದದ್ದು ವಾಟ್ಸಾಪ್. ನಮ್ಮಲ್ಲಿ ಕ್ಯಾರೊಸೆಲ್ ಇಡಿಯಾಗಿ ಹೋಗುವುದಿಲ್ಲ, ಯಾರೋ ಒಂದು ಸ್ಲೈಡನ್ನು ಮಾತ್ರ ಕಳಿಸುತ್ತಾರೆ. ಪೇಸ್ಟಿನ ಫೋಟೊ ಒಂಟಿಯಾಗಿ ಹೋಗಿ, ಐದು ವರ್ಷದ ಮಗುವಿಗೂ ಅಕ್ಕಿ ಕಾಳಿನಷ್ಟೇ ಅಂದುಕೊಳ್ಳಬಾರದಲ್ಲ. ಅದಕ್ಕೇ ವಯಸ್ಸನ್ನು ಶೀರ್ಷಿಕೆಯಲ್ಲಿ ಇಡದೆ ಫೋಟೊದ ಮೇಲೇ, ಕಾಳಿನ ಪಕ್ಕದಲ್ಲೇ ಬರೆದೆ. ಒಂದೊಂದು ಚಿತ್ರವನ್ನೂ 200 ಕೆಬಿ ಒಳಗೆ ಇಳಿಸಿದೆ, ತೋಟದ ಕಡೆ ಮಳೆಗಾಲದ ನೆಟ್‌ವರ್ಕ್ ಅಷ್ಟಕ್ಕೇ ತೆರೆದುಕೊಳ್ಳುತ್ತದೆ.

ಜೊತೆಗೆ ಒಂದೆರಡು ಪ್ರಯೋಗ ಮಾಡಿದೆ. ಕೊಡವ ತಕ್ಕ್‌ನಲ್ಲಿ ಒಂದು ಆವೃತ್ತಿ ಮಾಡಿದೆವು, ಹಿರಿಯರು ಖುಷಿಪಟ್ಟು ಹಂಚಿದರು. ಆದರೆ ಸೇವ್ ಮಾಡುವ ಎಳೆಯ ತಾಯಂದಿರು ಕನ್ನಡದ್ದನ್ನೇ ಇಟ್ಟುಕೊಂಡರು. ತೋಟದ ಕೆಲಸಗಾರರ ಲೈನ್ ಮನೆಗಳ ಹತ್ತಿರ ಎರಡು ಮತ್ತು ಏಳನೇ ಸ್ಲೈಡನ್ನು ಎ4 ಅಳತೆಯಲ್ಲಿ ಲ್ಯಾಮಿನೇಟ್ ಮಾಡಿಸಿ ನಲ್ಲಿಯ ಪಕ್ಕ ಅಂಟಿಸಿದೆ, ಒಂದಕ್ಕೆ ನಲವತ್ತು ರೂಪಾಯಿಯಂತೆ. ಅಕ್ಷರ ಓದಲು ಬಾರದವರೂ ಅಕ್ಕಿ ಕಾಳು ನೋಡಿ ಅರ್ಥ ಮಾಡಿಕೊಂಡರು.

"ಹಾಲುಹಲ್ಲು ತಾನೇ, ಬಿದ್ದುಹೋಗುತ್ತೆ" ಅನ್ನುವ ಮಾತು ಎಲ್ಲ ಕಡೆ ಎದುರಾಯಿತು. ಹಿಂದಿನ ಹಾಲುಹಲ್ಲುಗಳು ಬೀಳುವುದು ಹತ್ತು ಹನ್ನೆರಡು ವರ್ಷಕ್ಕೆ. ಅಲ್ಲಿವರೆಗೆ ಮಗು ಅದರಲ್ಲೇ ಅಗಿಯಬೇಕು. ಅದನ್ನು ಈ ಎಂಟರಲ್ಲಿ ತುರುಕಲಿಲ್ಲ. ಆರನೇ ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ, ಯಾವ ಹಲ್ಲೂ ಬೀಳದೆ ಸದ್ದಿಲ್ಲದೆ ಬರುವ ಶಾಶ್ವತ ದವಡೆ ಹಲ್ಲಿನ ಜೊತೆ ಸೇರಿಸಿ ಮುಂದಿನ ಕ್ಯಾರೊಸೆಲ್ ಮಾಡುತ್ತಿದ್ದೇನೆ. ಆ ದವಡೆ ಹಲ್ಲನ್ನೂ ಹಾಲುಹಲ್ಲು ಅಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು. ಅಷ್ಟು ಹಿಂದಿನ ಹಲ್ಲಿನ ಫೋಟೊ ಇನ್ನೂ ಸರಿಯಾಗಿ ಬಂದಿಲ್ಲ, ಬಾಯೊಳಗಿಡುವ ಕನ್ನಡಿಗೆ ಉಸಿರಿನ ಮಂಜು ಕೂರುತ್ತಿದೆ. ಬೆಚ್ಚನೆ ನೀರಿನಲ್ಲಿ ಅದ್ದಿ ಒರೆಸಿ ನೋಡುತ್ತಿದ್ದೇವೆ.